ಟ್ರಯಲ್ ಬ್ಯಾಲೆನ್ಸ್ ತಾಳೆಯಾಯ್ತು, ಆದ್ರೂ ತಪ್ಪು ಎಲ್ಲಿ?

"ಟ್ಯಾಲಿಯಲ್ಲಿ ನಮ್ಮ ತೋಟದ ಟ್ರಯಲ್ ಬ್ಯಾಲೆನ್ಸ್ ಎರಡೂ ಕಡೆ ಸರಿಯಾಗಿ ಕೂತಿದೆ. ಆದ್ರೂ ಆಡಿಟರ್ ಲೆಕ್ಕ ತಪ್ಪಿದೆ ಅಂತಾರೆ. ಅದು ಹೇಗೆ?"

ಟ್ಯಾಲಿಯಲ್ಲಿ ಡೆಬಿಟ್ಟು ಕ್ರೆಡಿಟ್ಟು ಸಮ ಆಗದಿದ್ರೆ ವೋಚರ್ ಸೇವ್ ಆಗುವುದೇ ಇಲ್ಲ. ಹಾಗಾಗಿ ಕೊನೆಯಲ್ಲಿ ಮೊತ್ತ ಹೊಂದಿದ್ರೆ ಅದರಲ್ಲಿ ಆಶ್ಚರ್ಯ ಏನೂ ಇಲ್ಲ. ಹೆಚ್ಚೆಂದರೆ ಆರಂಭದ ಶಿಲ್ಕು ತಪ್ಪು ಹಾಕಿದ್ರೆ `Difference in opening balances` ಅಂತ ಒಂದು ಸಾಲು ಕಾಣುತ್ತದೆ, ಅಷ್ಟೇ. ಹಣ ಯಾವ ಖಾತೆಗೆ ಹೋಯ್ತು, ಅದು ಅಲ್ಲಿಗೆ ಹೋಗಬೇಕಿತ್ತಾ ಅನ್ನೋದು ಟ್ಯಾಲಿಗೆ ಗೊತ್ತಾಗಲ್ಲ.

ನಾನು ಮೂಡಿಗೆರೆ ಕಡೆ ಕಾಫಿ ತೋಟಗಳ ಲೆಕ್ಕ ನೋಡುತ್ತೇನೆ. ಜಾಸ್ತಿ ಕಾಣೋದು ಈ ತರದ್ದು: 1,80,000 ರೂಪಾಯಿಯ ಹೊಸ ಪಲ್ಪರ್ ಬಂದಿದೆ, ಬರೆಯುವವರು ಅದನ್ನು "ಯಂತ್ರ ರಿಪೇರಿ" ಖಾತೆಗೆ ಡೆಬಿಟ್ ಮಾಡಿದ್ದಾರೆ. ಹೋಗಬೇಕಿದ್ದಿದ್ದು ಯಂತ್ರೋಪಕರಣ ಖಾತೆಗೆ. ಎರಡೂ ಡೆಬಿಟ್ ಕಡೆಯವೇ ಆದ್ದರಿಂದ ಒಟ್ಟು ಮೊತ್ತ ಒಂದು ಪೈಸೆಯೂ ಕದಲಲ್ಲ. ಆದರೆ ಲಾಭ? ವರ್ಷಕ್ಕೆ ಶೇ. 15 ಸವಕಳಿ ಹಾಕುತ್ತೀರಿ ಅಂತಿಟ್ಟುಕೊಳ್ಳಿ, ಆಗ ಈ ವರ್ಷದ ಖರ್ಚಿಗೆ ಬರಬೇಕಿದ್ದಿದ್ದು 27,000 ಮಾತ್ರ. ಈಗ ಪೂರ್ತಿ 1,80,000 ಖರ್ಚಾಗಿ ಕೂತಿರೋದ್ರಿಂದ ಲಾಭ 1,53,000 ಕಡಿಮೆ ಕಾಣುತ್ತದೆ, ಆಸ್ತಿಯೂ ಅಷ್ಟೇ ಕಡಿಮೆ. ಇದನ್ನು ಹಿಡಿಯಲು ರಿಪೇರಿ ಖಾತೆಯ ಮೇಲೆ ಎಂಟರ್ ಒತ್ತಿ ಒಳಗೆ ಹೋಗಿ, ಹೋದ ವರ್ಷದ ಮೊತ್ತದ ಪಕ್ಕ ಇಟ್ಟು ನೋಡಿ. ಬೆಲ್ಟು, ಬೇರಿಂಗ್ ಅಂತ ಸಣ್ಣಪುಟ್ಟ ಬಿಲ್ಲುಗಳ ನಡುವೆ ಒಂದೇ ಒಂದು ದೊಡ್ಡ ಮೊತ್ತ ಇದ್ರೆ ಅದರ ಬಿಲ್ಲು ತೆಗೆಸಿ.

ಇನ್ನೊಂದು, ಪ್ರತಿ ಶಿಲ್ಕು ಯಾವ ಕಡೆ ಕೂತಿದೆ ನೋಡಿ. ನಗದು ಕ್ರೆಡಿಟ್ ಕಡೆ ಬಂದಿದ್ರೆ ಅಲ್ಲೇ ನಿಲ್ಲಿ, ಪೆಟ್ಟಿಗೆಯಲ್ಲಿ ಇಲ್ಲದ ಹಣ ಖರ್ಚಾಗೋಕೆ ಸಾಧ್ಯ ಇಲ್ಲ ಅಲ್ವಾ. ಗೊಬ್ಬರದ ಅಂಗಡಿಯವರ ಖಾತೆ ಸಾಮಾನ್ಯವಾಗಿ ಕ್ರೆಡಿಟ್ ಇರಬೇಕು. ಅದು 46,000 ಡೆಬಿಟ್ ತೋರಿಸಿದ್ರೆ ಒಂದೋ ನೀವು ಮುಂಗಡ ಕೊಟ್ಟಿದ್ದೀರಿ, ಇಲ್ಲಾ ಹಣ ಕೊಟ್ಟಿದ್ದು ಬರೆದು ಬಿಲ್ಲು ಬರೆಯೋದು ಮರೆತಿದ್ದೀರಿ, ಇಲ್ಲಾ ಬೇರೆ ಅಂಗಡಿಗೆ ಕೊಟ್ಟಿದ್ದು ಇವರ ಹೆಸರಿಗೆ ಬಿದ್ದಿದೆ. ಕೊನೆಯದಾದ್ರೆ ಆ ಇನ್ನೊಂದು ಅಂಗಡಿಯ ಬಾಕಿ ಹಾಗೆ ತಪ್ಪಿ ಬಿದ್ದ ಮೊತ್ತದಷ್ಟೇ ಜಾಸ್ತಿ ಕಾಣುತ್ತಿರುತ್ತದೆ.

ಬಿಲ್ಲನ್ನೂ ಬರೆದಿಲ್ಲ, ಹಣವನ್ನೂ ಕೊಟ್ಟಿಲ್ಲ ಅಂದ್ರೆ ಮಾತ್ರ ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಎಷ್ಟು ಹುಡುಕಿದ್ರೂ ಏನೂ ಸಿಗಲ್ಲ. ಮಾರ್ಚ್ ಕೊನೆಗೆ ಅಂಗಡಿಯವರಿಂದಲೇ ನಿಮ್ಮ ಖಾತೆಯ ಸ್ಟೇಟ್‌ಮೆಂಟ್ ತರಿಸಿಕೊಂಡು, ಗೋಡೌನ್ ಪುಸ್ತಕದಲ್ಲಿ ಬಂದ ಗೊಬ್ಬರದ ಮೂಟೆಗಳ ಜೊತೆ ಒಂದೊಂದೇ ಬಿಲ್ಲು ಟಿಕ್ ಹಾಕಿ ನೋಡಿ.