ಫೋನ್ ಇದ್ದೂ ತಪ್ಪಿದ ಪಾಠ

ಪ್ರಶ್ನೆ: ಕೊರೊನಾ ಕಾಲದಲ್ಲಿ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದ ಹಳ್ಳಿಯ ಮಕ್ಕಳಿಗೂ ಆನ್‌ಲೈನ್ ಪಾಠ ಏಕೆ ಸಿಗಲಿಲ್ಲ?

ಮನೆಯಲ್ಲಿ ಫೋನ್ ಇರುವುದು ಬೇರೆ, ಪಾಠದ ಹೊತ್ತಿಗೆ ಅದು ಮಗುವಿನ ಕೈಗೆ ಸಿಗುವುದು ಬೇರೆ. ಗ್ರಾಮೀಣ ಭಾರತದಲ್ಲಿ ನಡೆದ 2021ರ ಅಸರ್ ಎಂಬ ಶಿಕ್ಷಣ ಸಮೀಕ್ಷೆಯ ಪ್ರಕಾರ ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತಾದರೂ, ಅಂಥ ಮಕ್ಕಳಲ್ಲೇ ಕಾಲು ಭಾಗದಷ್ಟು ಮಂದಿಗೆ ಅದು ಬಳಸಲು ಸಿಗುತ್ತಲೇ ಇರಲಿಲ್ಲ. ಓದಲು ಕಲಿಯುವ ವಯಸ್ಸಿನ ಚಿಕ್ಕ ಮಕ್ಕಳ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಇರುವ ಒಂದೇ ಫೋನನ್ನು ತಂದೆ ಬೆಳಿಗ್ಗೆ ಕೆಲಸಕ್ಕೆ ಒಯ್ದರೆ ಹಗಲಿನ ತರಗತಿ ತಪ್ಪುತ್ತದೆ, ಸಂಜೆ ಅದು ಮರಳಿದಾಗ ಮೊದಲ ಸರದಿ ಪರೀಕ್ಷೆಯಿರುವ ಅಣ್ಣನದಾಗುತ್ತದೆ. ಕರ್ನಾಟಕದ ವಿದ್ಯಾಗಮ ಯೋಜನೆ 2020ರ ಆಗಸ್ಟ್‌ನಲ್ಲಿ ಶಿಕ್ಷಕರನ್ನೇ ಮಕ್ಕಳಿದ್ದಲ್ಲಿಗೆ ಕಳುಹಿಸಿದ್ದು, ನನ್ನ ದೃಷ್ಟಿಯಲ್ಲಿ, ಈ ಕೊರತೆಯನ್ನು ಸರಿಯಾಗಿ ಗುರುತಿಸಿದ ಕ್ರಮ. ಸೋಂಕಿನ ಭಯದಿಂದ ಅದೂ ಅಕ್ಟೋಬರ್‌ನಲ್ಲಿ ನಿಂತಿತು.