ಲಿಂಕ್ಡ್‌ಇನ್ ಪ್ರೊಫೈಲ್ ಡಿಲೀಟ್ ಮಾಡ್ಬೇಕು ಅಂತ ಬಂದವರ ಕೇಸ್: ಏನು ಹೋಯ್ತು, ಏನು ಉಳೀತು

ಇವರ ಹೆಸರು, ಕೆಲಸದ ಕ್ಷೇತ್ರ ಎರಡೂ ಬದಲಾಯಿಸಿ ಬರೀತಿದ್ದೀನಿ, ಅವರ ಒಪ್ಪಿಗೆ ತಗೊಂಡೇ. ರೇಖಾ ಅಂದ್ಕೊಳ್ಳಿ. ಹನ್ನೆರಡು ವರ್ಷ ಸೇಲ್ಸ್‌ನಲ್ಲಿದ್ದು, ಕೊನೇ ಕಂಪನೀಲಿ ತುಂಬಾ ನೊಂದು ಹೊರಗೆ ಬಂದು, ಈಗ ಟ್ರೈನಿಂಗ್ ಕೆಲಸಕ್ಕೆ ಹೋಗ್ಬೇಕು ಅಂತಿರೋರು. ಬಂದ ತಕ್ಷಣ ಹೇಳಿದ್ದು, "ಮೇಡಂ, ಇವತ್ತು ರಾತ್ರಿನೇ ಲಿಂಕ್ಡ್‌ಇನ್ ಅಕೌಂಟ್ ಕ್ಲೋಸ್ ಮಾಡ್ತೀನಿ, ಹೊಸ ಕಡೆ ಅಪ್ಲೈ ಮಾಡೋ ಮುಂಚೆ ಹಳೇದೆಲ್ಲ ಅಳಿಸಿಬಿಡ್ಬೇಕು."

ಕಾರಣ ಎರಡು. ಒಂದು, ಅವರನ್ನ ಆಮೇಲೆ ಎಲ್ಲರ ಮುಂದೆ ಅವಮಾನ ಮಾಡಿದ ಮ್ಯಾನೇಜರ್, ಅದಕ್ಕೆ ಮುಂಚೆ ಬರೆದಿದ್ದ ರೆಕಮೆಂಡೇಶನ್ ಇನ್ನೂ ಪ್ರೊಫೈಲ್‌ನಲ್ಲಿ ಮೊದಲನೇದಾಗಿ ಕೂತಿತ್ತು, ಪ್ರೊಫೈಲ್ ಓಪನ್ ಮಾಡಿದಾಗೆಲ್ಲ ಆ ಮುಖನೇ ಕಾಣ್ತಿತ್ತು. ಇನ್ನೊಂದು, ಕೆಲಸ ಬಿಟ್ಟ ವಾರ ರಾತ್ರಿ ಹೊತ್ತು ಸಿಟ್ಟಲ್ಲಿ ಹಾಕಿದ ಒಂದು ಉದ್ದ ಪೋಸ್ಟ್. ಅದರ ಕೆಳಗೆ ನೂರಾರು ಕಾಮೆಂಟ್, ಅವರೇ ಕೊಟ್ಟ ಉತ್ತರಗಳು ಬೇರೆ.

ಆ ನೋವು ನಿಜ, ಅದನ್ನ ಪ್ರಶ್ನೆ ಮಾಡೋಕೆ ನಾನು ಹೋಗ್ಲಿಲ್ಲ. ಆದ್ರೆ ಅವರ ಮನಸ್ಸಲ್ಲಿ "ಕ್ಲೋಸ್ ಮಾಡಿದ್ರೆ ರಿಕ್ರೂಟರ್‌ಗೆ ನನ್ನ ಹೆಸರಲ್ಲಿ ಏನೂ ಸಿಗಲ್ಲ" ಅನ್ನೋ ನಂಬಿಕೆ ಇತ್ತಲ್ಲ, ಅದು ತಪ್ಪು. ಅಕೌಂಟ್ ಕ್ಲೋಸ್ ಮಾಡಿದ್ರೆ ಹೋಗೋದು ನಮ್ಮ ಕೈಯಲ್ಲಿ ತಿದ್ದೋಕೆ ಆಗೋ ಒಂದೇ ಒಂದು ಪೇಜ್, ಬೇರೆಯವರ ಕೈಯಲ್ಲಿರೋ ನಕಲುಗಳು ಹಾಗೇ ಇರ್ತವೆ. ಅದಕ್ಕೇ ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನೋದು ಇಲ್ಲಿ ತುಂಬಾ ಮುಖ್ಯ.

ಮೊದಲು ಹುಡುಕಿ ನೋಡೋಣ ಅಂದೆ. ಬ್ರೌಸರ್‌ನ ಪ್ರೈವೇಟ್ ವಿಂಡೋದಲ್ಲಿ, ಲಾಗಿನ್ ಆಗದೇ, ರಿಕ್ರೂಟರ್ ಹುಡುಕೋ ಥರಾನೇ.

```
"ಪೂರ್ತಿ ಹೆಸರು" site:linkedin.com
"ಪೂರ್ತಿ ಹೆಸರು" "ಹಳೇ ಕಂಪನಿ" -site:linkedin.com
```

ಮೊದಲನೇ ಸಾಲಿಗೆ ಪ್ರೊಫೈಲ್ ಬಂತು, ಅದರ ಜೊತೆ linkedin.com/posts ಅಂತ ಶುರುವಾಗೋ ಆ ಸಿಟ್ಟಿನ ಪೋಸ್ಟ್, ಆಮೇಲೆ linkedin.com/pulse ಅಂತ ಶುರುವಾಗೋ ಹಳೇ ಆರ್ಟಿಕಲ್ ಒಂದು. ಪ್ರೊಫೈಲ್ ಬೇರೆ, ಪೋಸ್ಟ್ ಬೇರೆ, ಆರ್ಟಿಕಲ್ ಬೇರೆ, ಸರ್ಚ್ ಎಂಜಿನ್‌ಗೆ ಇವು ಬೇರೆಬೇರೆ ಪೇಜ್‌ಗಳು ಅನ್ನೋದು ಅವರಿಗೆ ಆಗಲೇ ಗೊತ್ತಾಗಿದ್ದು. ಇನ್ನೊಂದು ಸಿಕ್ತು ನೋಡಿ, ಅವರ ಹೆಸರಲ್ಲೇ ಎರಡನೇ ಪ್ರೊಫೈಲ್! ಮೊದಲ ಕೆಲಸದಲ್ಲಿದ್ದಾಗ ಆಫೀಸ್ ಈಮೇಲ್‌ನಲ್ಲಿ ಮಾಡಿದ್ದು, ಮರೆತೇ ಹೋಗಿತ್ತು. ಮುಖ್ಯ ಅಕೌಂಟ್ ಕ್ಲೋಸ್ ಮಾಡಿದ್ರೂ ಇದು ಹಾಗೇ ಉಳೀತಿತ್ತು, ಅದೂ ಹಳಸಿದ ವಿವರದ ಜೊತೆ.

ಎರಡನೇ ಸಾಲಿಗೆ ಬಂದಿದ್ದು ಪ್ರೊಫೈಲ್‌ಗಳನ್ನ ಒಟ್ಟು ಹಾಕಿ ಮಾರೋ ಸೈಟುಗಳು, ಅದರಲ್ಲೊಂದು ಇವರು ಇನ್ನೂ ಹಳೇ ಕಂಪನೀಲೇ ಇದಾರೆ ಅಂತ ತೋರಿಸ್ತಿತ್ತು. ಹಿಂದೊಮ್ಮೆ ಮಾತಾಡಿದ ಕಾನ್ಫರೆನ್ಸ್‌ನ ಸ್ಪೀಕರ್ ಪೇಜ್, ಮತ್ತೆ ಸ್ಲೈಡ್‌ಶೇರ್‌ನಲ್ಲಿ ಹಾಕಿದ್ದ ಪ್ರೆಸೆಂಟೇಶನ್. ಸ್ಲೈಡ್‌ಶೇರ್ ಒಂದು ಕಾಲಕ್ಕೆ ಲಿಂಕ್ಡ್‌ಇನ್‌ದೇ ಆಗಿತ್ತು, 2020ರಲ್ಲಿ ಸ್ಕ್ರಿಬ್ಡ್ ಕೈಗೆ ಹೋಯ್ತು, ಹಾಗಾಗಿ ಲಿಂಕ್ಡ್‌ಇನ್ ಕ್ಲೋಸ್ ಮಾಡಿದ್ರೆ ಅಲ್ಲಿನ ಸ್ಲೈಡ್ ಹೋಗಲ್ಲ, ಅಲ್ಲೇ ಲಾಗಿನ್ ಆಗಿ ತೆಗೀಬೇಕು.

ಈಗ ರೆಕಮೆಂಡೇಶನ್ ವಿಷಯ, ನಾವು ಜಾಸ್ತಿ ಹೊತ್ತು ಮಾತಾಡಿದ್ದು ಇದರ ಬಗ್ಗೆನೇ. ರೇಖಾ ಅವರಿಗೆ ಬೇಡ ಅನ್ನಿಸಿದ್ದು ಒಬ್ಬರದ್ದು, ಆದ್ರೆ ಅಕೌಂಟ್ ಕ್ಲೋಸ್ ಮಾಡಿದ್ರೆ ಎಲ್ಲರದ್ದೂ ಹೋಗುತ್ತೆ. ಹದಿನಾಲ್ಕು ದಿನದೊಳಗೆ ಮನಸ್ಸು ಬದಲಾಯಿಸಿ ಮತ್ತೆ ಓಪನ್ ಮಾಡಿದ್ರೆ ಪ್ರೊಫೈಲ್ ಬಹುಪಾಲು ವಾಪಸ್ ಬರುತ್ತೆ, ಆದ್ರೆ ರೆಕಮೆಂಡೇಶನ್, ಎಂಡಾರ್ಸ್‌ಮೆಂಟ್, ಗ್ರೂಪ್ ಮೆಂಬರ್‌ಶಿಪ್ ಇವು ಬರಲ್ಲ. ಒಂದೇ ರೆಕಮೆಂಡೇಶನ್ ಕಾಣಬಾರದು ಅಂದ್ರೆ ಅದೊಂದನ್ನೇ ಹೈಡ್ ಮಾಡ್ಬಹುದು, ಬರೆದವರಿಗೆ ಹೇಳೋ ಅಗತ್ಯನೂ ಇಲ್ಲ. ಅವತ್ತೇ ಕೂತು ಆ ಮ್ಯಾನೇಜರ್ ಬರೆದಿದ್ದನ್ನ ಹೈಡ್ ಮಾಡಿದ್ರು. ಮುಖದಲ್ಲಿ ಎಷ್ಟು ನಿರಾಳ ಅಂದ್ರೆ, ಅರ್ಧ ತುರ್ತು ಅಲ್ಲೇ ಇಳಿದುಹೋಯ್ತು. ಒಂದೊಂದ್ಸಲ ಪೂರ್ತಿ ಅಳಿಸ್ಬೇಕು ಅನ್ನೋ ಆಸೆ ಹಿಂದೆ ಇಂಥ ಒಂದೇ ಒಂದು ಸಾಲು ಇರುತ್ತೆ, ಅದನ್ನ ಹುಡುಕಿ ಕೇಳ್ಬೇಕು.

ಇನ್ನೂ ಒಂದಿದೆ, ಯಾರೂ ಯೋಚನೆ ಮಾಡಲ್ಲ. ರೇಖಾ ತಮ್ಮ ಕೈಕೆಳಗಿದ್ದ ಇಬ್ಬರು ಹುಡುಗರಿಗೆ ರೆಕಮೆಂಡೇಶನ್ ಬರೆದುಕೊಟ್ಟಿದ್ರು. ಇವರ ಅಕೌಂಟ್ ಹೋದ್ರೆ ಆ ಹುಡುಗರ ಪ್ರೊಫೈಲ್‌ನಿಂದ ಅದೂ ಹೋಗುತ್ತೆ. "ಅಯ್ಯೋ, ಅವರಲ್ಲೊಬ್ಬ ಈಗ ಕೆಲಸ ಹುಡುಕ್ತಿದಾನೆ ಮೇಡಂ" ಅಂದ್ರು. ಹಾಗಾದ್ರೆ ಮೊದಲು ಅವರಿಬ್ಬರಿಗೂ ಹೇಳಿ, ಅದೇ ಮಾತನ್ನ ನಿಮ್ಮ ಸ್ವಂತ ಈಮೇಲ್‌ನಿಂದ ಪತ್ರದ ಥರ ಬರೆದು ಕಳಿಸಿ, ಯಾರಾದ್ರೂ ರೆಫರೆನ್ಸ್ ಕೇಳಿದ್ರೆ ಫೋನ್‌ಗೆ ಸಿಗ್ತೀನಿ ಅಂತನೂ ತಿಳಿಸಿ ಅಂದೆ.

ರೇಖಾ ಅವರಿಗೆ ಬಂದಿದ್ದ ಒಳ್ಳೇ ರೆಕಮೆಂಡೇಶನ್‌ಗಳಿಗೂ ಇದೇ ದಾರಿ, ಆದ್ರೆ ಮೊದಲು ಅವನ್ನ ಉಳಿಸ್ಕೋಬೇಕು. Settings & Privacy ಒಳಗೆ Data privacy, ಅಲ್ಲಿ Get a copy of your data ಅಂತಿದೆ. ಪೂರ್ತಿ ಕಾಪಿ ಕೇಳಿದ್ರೆ ಸ್ವಲ್ಪ ಹೊತ್ತಿನ ಮೇಲೆ ಈಮೇಲ್‌ಗೆ ಲಿಂಕ್ ಬರುತ್ತೆ, ಅದನ್ನ ಬೇಗ ಇಳಿಸ್ಕೋಬೇಕು, ಲಿಂಕ್ ಶಾಶ್ವತ ಅಲ್ಲ. ಒಳಗೆ Recommendations_Received.csv, Recommendations_Given.csv, Shares.csv, Connections.csv ಈ ಥರ ಫೈಲ್‌ಗಳು. ಪೋಸ್ಟ್‌ನ ಮಾತು Shares ಫೈಲ್‌ನಲ್ಲಿ ಸಿಗುತ್ತೆ, ಪೋಸ್ಟ್‌ಗೆ ಹಾಕಿದ್ದ ಫೋಟೋ ಬೇಕಂದ್ರೆ ಅಕೌಂಟ್ ಇರುವಾಗ್ಲೇ ಬೇರೆ ಉಳಿಸ್ಕೊಳ್ಳಿ. ಕನೆಕ್ಷನ್ಸ್ ಫೈಲ್‌ನಲ್ಲಿ ಎಲ್ಲರ ಈಮೇಲ್ ಇರಲ್ಲ, ಹಂಚ್ಕೊಳ್ಳೋಕೆ ಒಪ್ಪಿದವರದ್ದು ಮಾತ್ರ. ಆದ್ರೆ ಈ ಫೈಲ್ ಇಟ್ಕೊಂಡು ರಿಕ್ರೂಟರ್ ಮುಂದೆ ಹೋದ್ರೆ ಅದು ಪುರಾವೆ ಆಗಲ್ಲ, ಯಾರು ಬೇಕಾದ್ರೂ ಟೈಪ್ ಮಾಡ್ಬಹುದಲ್ವಾ. ಅದಕ್ಕೆ ಅವರ ಬಗ್ಗೆ ಚೆನ್ನಾಗಿ ಬರೆದಿದ್ದ ಒಬ್ಬ ಹಳೇ ಕ್ಲೈಂಟ್‌ಗೆ ಆ ಮಾತುಗಳನ್ನೇ ಕಳಿಸಿ, ಇದನ್ನ ನಿಮ್ಮ ಈಮೇಲ್‌ನಿಂದ ಬರೆದುಕೊಡ್ತೀರಾ ಅಂತ ಕೇಳೋಕೆ ಹೇಳಿದೆ, ಅವರು ಖುಷಿಯಿಂದ ಕೊಟ್ರು.

ಪೋಸ್ಟ್‌ಗಳಿಗೆ ಬರೋಣ. ಸಿಟ್ಟಿನ ಪೋಸ್ಟನ್ನ ಅಕೌಂಟ್ ಇರುವಾಗ್ಲೇ ಡಿಲೀಟ್ ಮಾಡಿ ಅಂದೆ, ಯಾಕಂದ್ರೆ ಡಿಲೀಟ್ ಆದ ಮೇಲೆ ಸರ್ಚ್‌ನಲ್ಲಿ ಉಳಿದಿದೆಯಾ ಅಂತ ನೋಡ್ಕೊಂಡು ಒಂದೊಂದಾಗಿ ತೆಗೆಸ್ಬಹುದು, ವಿಳಾಸನೂ ಕೈಯಲ್ಲಿರುತ್ತೆ. ಪ್ರತಿ ಪೇಜ್‌ನ ಯುಆರ್‌ಎಲ್ ಒಂದು ಕಡೆ ಬರೆದಿಟ್ಕೊಂಡ್ರು, ಅಕೌಂಟ್ ಹೋದ ಮೇಲೆ ಅದನ್ನ ಹುಡುಕೋದು ಕಷ್ಟ. ಬೇರೆಯವರ ಪೋಸ್ಟ್ ಕೆಳಗೆ ಹಾಕಿದ್ದ ಕಾಮೆಂಟ್‌ಗಳನ್ನ ಅವರ ಆಕ್ಟಿವಿಟಿ ಪೇಜ್‌ಗೆ ಹೋಗಿ ಕೈಯಾರೆ ತೆಗೆದ್ರು, ಬೇಜಾರಿನ ಕೆಲಸ, ಆದ್ರೂ ಮಾಡಿದ್ರು. ಕ್ಲೋಸ್ ಮಾಡಿದ್ರೂ ಮೆಸೇಜ್, ಗ್ರೂಪ್ ಪೋಸ್ಟ್ ಥರ ಬೇರೆಯವರ ಜೊತೆ ಹಂಚ್ಕೊಂಡಿದ್ದು ಉಳಿಯುತ್ತೆ ಅಂತ ಲಿಂಕ್ಡ್‌ಇನ್ ತನ್ನ ಪ್ರೈವೆಸಿ ಪಾಲಿಸೀಲೇ ಹೇಳಿದೆ, ಗ್ರೂಪ್‌ನಲ್ಲಿ ಹೆಸರಿನ ಜಾಗದಲ್ಲಿ ಗೊತ್ತಿಲ್ಲದ ಯೂಸರ್ ಅಂತ ಕಾಣುತ್ತೆ ಅಷ್ಟೆ. ಅಂದ್ರೆ ರಿಕ್ರೂಟರ್‌ಗೆ ಕಳಿಸಿದ ಹಳೇ ಮೆಸೇಜ್ ಅವರ ಇನ್‌ಬಾಕ್ಸ್‌ನಲ್ಲೇ ಇರುತ್ತೆ.

ಕ್ಲೋಸ್ ಮಾಡೋ ಮುಂಚೆ ಪ್ರೊಫೈಲ್‌ನ ತಿದ್ದಿಸಿದೆ ಕೂಡ. ಡಿಲೀಟ್ ಮಾಡೋದನ್ನ ಯಾಕೆ ತಿದ್ದಬೇಕು ಅಂತ ಅವರಿಗೆ ಆಶ್ಚರ್ಯ. ಆ ಒಟ್ಟು ಹಾಕೋ ಸೈಟುಗಳು ಪಬ್ಲಿಕ್ ಪೇಜ್‌ನಿಂದ ನಕಲು ಮಾಡ್ತವೆ. ತಾರೀಖು ತಪ್ಪಿದ್ದಾಗ, "ಈಗಲೂ ಇಲ್ಲೇ ಕೆಲಸ" ಅಂತ ಇದ್ದಾಗ ಪೇಜ್ ತೆಗೆದುಬಿಟ್ರೆ ಅದೇ ತಪ್ಪು ಕೊನೇ ನಕಲಾಗಿ ಉಳಿದುಬಿಡುತ್ತೆ, ರೆಸ್ಯೂಮೆ ಜೊತೆ ಹೊಂದದೇ ಇದ್ರೆ ಅನುಮಾನ ಬರೋದು ನಮ್ಮ ಮೇಲೆ. ಸರಿ ಮಾಡಿ ಕೆಲವು ವಾರ ಬಿಟ್ರೆ ಕೆಲವು ಕಡೆಯಾದ್ರೂ ನಕಲು ಹೊಸದಾಗುತ್ತೆ. ಆಮೇಲೆ ಪಬ್ಲಿಕ್ ಪ್ರೊಫೈಲ್ ವಿಸಿಬಿಲಿಟಿ ಆಫ್ ಮಾಡಿದ್ರು, ಆಮೇಲೆ Hibernate. ಹೈಬರ್ನೇಟ್‌ನಲ್ಲಿ ಪ್ರೊಫೈಲ್ ಮರೆಯಾಗುತ್ತೆ, ಡೇಟಾ ಹಾಗೇ ಇರುತ್ತೆ, ಲಾಗಿನ್ ಆದ್ರೆ ವಾಪಸ್. ನಿಜವಾಗ್ಲೂ ಬೇಡ್ವಾ ಅಂತ ತಿಳ್ಕೊಳ್ಳೋಕೆ ಇದಕ್ಕಿಂತ ಒಳ್ಳೇ ಪರೀಕ್ಷೆ ಇಲ್ಲ.

ಅವರಿಗೆ ನಿಜವಾಗ್ಲೂ ಬೇಡವಾಗಿತ್ತು. ಪ್ರೀಮಿಯಂ ಕ್ಯಾನ್ಸಲ್ ಮಾಡಿ, ಅವರು ಅಡ್ಮಿನ್ ಆಗಿದ್ದ ಗ್ರೂಪಿನ ಜವಾಬ್ದಾರಿ ಇನ್ನೊಬ್ಬರಿಗೆ ಕೊಟ್ಟು, Account management ಕೆಳಗಿನ Close account ಒತ್ತಿದ್ರು. ಎರಡನೇ ಪ್ರೊಫೈಲ್‌ದು ಬೇರೆ ಕಥೆ, ಆ ಆಫೀಸ್ ಈಮೇಲ್ ಈಗಿಲ್ಲ, ಹೆಲ್ಪ್ ಸೆಂಟರ್‌ಗೆ ಬರೆದು ತಮ್ಮದೇ ಅಂತ ತೋರಿಸಿ ಮುಚ್ಚಿಸ್ಬೇಕಾಯ್ತು.

ಸಾಮಾನ್ಯವಾಗಿ ಇಪ್ಪತ್ನಾಲ್ಕು ಗಂಟೇಲಿ ಪ್ರೊಫೈಲ್ ಬೇರೆಯವರಿಗೆ ಕಾಣೋದು ನಿಲ್ಲುತ್ತೆ, ಮೂವತ್ತು ದಿನದೊಳಗೆ ಡೇಟಾ ಅಳಿಸ್ತಾರೆ. ಆದ್ರೆ ಗೂಗಲ್‌ನಲ್ಲಿ ಹೆಸರು ಹಾಕಿದ್ರೆ ಆರ್ಟಿಕಲ್‌ನ ಶೀರ್ಷಿಕೆ ಇನ್ನೂ ಬರ್ತಿತ್ತು, ಒತ್ತಿದ್ರೆ ಪೇಜ್ ಇಲ್ಲ. ಪಾಪ, ಗಾಬರಿಯಿಂದ ಫೋನ್ ಮಾಡಿದ್ರು. ಇದಕ್ಕೆ ಗೂಗಲ್‌ನ Refresh Outdated Content ಅನ್ನೋ ಟೂಲ್ ಇದೆ, ಬರೆದಿಟ್ಟ ಯುಆರ್‌ಎಲ್ ಅಲ್ಲಿ ಹಾಕ್ಬೇಕು. ಪೇಜ್ ಇದ್ದು ಮಾತು ಮಾತ್ರ ಬದಲಾಗಿದ್ರೆ, ಹಳೇದರಲ್ಲಿದ್ದು ಈಗಿಲ್ಲದ ಒಂದು ಪದ ಕೇಳುತ್ತೆ. ಬಿಂಗ್‌ಗೆ ಬೇರೆ ಟೂಲ್, ಅಲ್ಲೂ ಹಾಕ್ಬೇಕು. ಪೇಜ್ ಜೀವಂತವಾಗಿ ಬೇರೆಯವರ ಸೈಟ್‌ನಲ್ಲಿದ್ರೆ ಈ ಟೂಲ್ ಕೆಲಸಕ್ಕೆ ಬರಲ್ಲ, ಸೈಟ್ ನಡೆಸೋರನ್ನೇ ಕೇಳ್ಬೇಕು. ಒಟ್ಟು ಹಾಕೋ ಸೈಟುಗಳಲ್ಲಿ ಕೆಲವು ಕಡೆ ನಮ್ಮ ಹೆಸರು ತೆಗೀರಿ ಅಂತ ಕೇಳೋ ಆಪ್ಟ್ ಔಟ್ ಫಾರ್ಮ್ ಇರುತ್ತೆ, ಒಂದರಿಂದ ಹೆಸರು ಹೋಯ್ತು, ಇನ್ನೊಂದು ಉತ್ತರನೇ ಕೊಡ್ಲಿಲ್ಲ. ಕಾನ್ಫರೆನ್ಸ್ ಪೇಜ್ ಇರ್ಲಿ ಬಿಡಿ ಅಂದೆ, ಟ್ರೈನಿಂಗ್ ಕೆಲಸಕ್ಕೆ ಅದು ಒಳ್ಳೇದೇ.

ಯಾವ ಟೂಲಿಗೂ ಸಿಗದ್ದು ಕಂಪನಿಗಳ ಒಳಗಿರೋದು. ಹಿಂದೆ ಅಪ್ಲೈ ಮಾಡಿದ ಕಡೆ ರೆಸ್ಯೂಮೆ ಅವರ ಸಿಸ್ಟಮ್‌ನಲ್ಲಿರುತ್ತೆ, ರಿಕ್ರೂಟರ್ ಪ್ರೊಫೈಲ್‌ನ ಪಿಡಿಎಫ್ ಮಾಡಿಟ್ಟಿರ್ಬಹುದು, ಸಿಟ್ಟಿನ ಪೋಸ್ಟ್‌ನ ಸ್ಕ್ರೀನ್‌ಶಾಟ್ ಯಾರ ಫೋನ್‌ನಲ್ಲೋ ಇರ್ಬಹುದು. ಹಾಗಾಗಿ ರೆಸ್ಯೂಮೆಯ ತಾರೀಖು, ಹುದ್ದೆ ಹಿಂದೆ ಕಳಿಸಿದ್ದಕ್ಕೆ ಹೊಂದ್ಬೇಕು ಅಂತ ಒಂದು ಸಲ ಕೂತು ತಾಳೆ ನೋಡಿದ್ವಿ. ಇಂಟರ್‌ವ್ಯೂಗೆ ಎರಡು ಉತ್ತರ ತಯಾರು ಮಾಡ್ಕೊಂಡ್ರು. ಪ್ರೊಫೈಲ್ ಯಾಕಿಲ್ಲ ಅಂದ್ರೆ, "ಕ್ಷೇತ್ರ ಬದಲಾಯಿಸ್ತಿದ್ದೀನಿ, ಹಳೇ ಅಕೌಂಟ್ ಮುಚ್ಚಿದ್ದೀನಿ, ರೆಫರೆನ್ಸ್ ಕೊಡೋರ ನಂಬರ್ ಇಲ್ಲಿದೆ." ಪೋಸ್ಟ್ ಬಗ್ಗೆ ಕೇಳಿದ್ರೆ, "ಹೌದು ನಾನೇ ಬರೆದಿದ್ದು, ಆ ಹೊತ್ತಲ್ಲಿ ನೋವಾಗಿತ್ತು, ಆಮೇಲೆ ತೆಗೆದೆ." ಬರೆದೇ ಇಲ್ಲ ಅಂತ ಮಾತ್ರ ಹೇಳ್ಬೇಡಿ ಅಂತ ಒತ್ತಿ ಹೇಳಿದೆ. ಮೊದಲನೇ ಪ್ರಶ್ನೆ ಒಂದು ಕಡೆ ಬಂತಂತೆ, ಆ ಉತ್ತರ ಕೇಳಿ ರಿಕ್ರೂಟರ್ ರೆಫರೆನ್ಸ್ ನಂಬರ್ ಬರ್ಕೊಂಡು ಮುಂದಿನ ಪ್ರಶ್ನೆಗೆ ಹೋದ್ರಂತೆ.