ಪತಿಯ ವರ್ಗಾವಣೆಯನ್ನು ಸಂದರ್ಶನದಲ್ಲಿ ಹೇಳುವುದು ಹೇಗೆ?

ಪ್ರಶ್ನೆ: ಯಜಮಾನರಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಹುಬ್ಬಳ್ಳಿಯಿಂದ ಮೈಸೂರಿಗೆ ಬಂದಿದ್ದೇವೆ. ಅಕೌಂಟ್ಸ್ ಕೆಲಸದ ಸಂದರ್ಶನದಲ್ಲಿ ಹೀಗೆಂದರೆ ನೆಲೆ ನಿಲ್ಲದವಳು ಅನ್ನಿಸುವುದಿಲ್ಲವೇ?

ಉತ್ತರ: ಕಾರಣ ಒಂದೇ ವಾಕ್ಯದಲ್ಲಿ ಮುಗಿಯಲಿ. ಉದ್ದಕ್ಕೆ ವಿವರಿಸಿದರೆ ಕ್ಷಮೆ ಕೇಳಿದಂತಿರುತ್ತದೆ. "ಮನೆಯವರಿಗೆ ವರ್ಗವಾಗಿ ಮೇ ತಿಂಗಳಲ್ಲಿ ಬಂದೆವು. ಮಗಳನ್ನು ಇಲ್ಲೇ ಶಾಲೆಗೆ ಸೇರಿಸಿದ್ದೇವೆ. ಹಳೆಯ ಕಚೇರಿಯಲ್ಲಿ 5 ವರ್ಷ ಇದ್ದೆ, ಮಾರ್ಚ್ ಲೆಕ್ಕ ಮುಗಿಸಿಕೊಟ್ಟೇ ಬಿಟ್ಟೆ." ಇದರಲ್ಲಿ ಹೆಚ್ಚು ತೂಕ ಕೊನೆಯ ಮಾತಿಗೆ, ಏಕೆಂದರೆ ಸಂದರ್ಶಕರ ನಿಜವಾದ ಭಯ ನೀವು ವರ್ಷದ ಲೆಕ್ಕ ನಡುವೆ ಕೈಬಿಟ್ಟು ಹೋಗುತ್ತೀರಿ ಎಂಬುದು.

"ಮತ್ತೆ ವರ್ಗವಾದರೆ?" ಎಂದು ಕೇಳಿಯೇ ಕೇಳುತ್ತಾರೆ. ಆಗುವುದೇ ಇಲ್ಲ ಅನ್ನಬೇಡಿ. ಬ್ಯಾಂಕಿನವರ ಪಾಡು ಅವರಿಗೂ ಗೊತ್ತು. "ವರ್ಗವಾದರೂ ಮಗಳ ಎಸ್ಸೆಸ್ಸೆಲ್ಸಿವರೆಗೆ ನಾನೂ ಅವಳೂ ಇಲ್ಲೇ ಇರುತ್ತೇವೆ" ಅನ್ನಿ, ಅದು ನಿಜವಾಗಿದ್ದರೆ ಮಾತ್ರ.